ಹುಸಿ ನ್ಯೂಟ್ರಲ್

ಮಂಗಳೂರು ಏರುತಗ್ಗುಗಳ ಊರು. ಹಂಪನಕಟ್ಟೆಯಿಂದ ಬಾವುಟಗುಡ್ಡೆಯನ್ನೇರುವ ಮೋಟಾರು ಸೈಕಲ್ ಸವಾರನು ಗೇರು ಬದಲಿಸುವಾಗ, ಎರಡನೆಯ ಮತ್ತು ಮೂರನೆಯ ಗೇರುಗಳ ನಡುವೆ ಯಾವುದೂ ಸೇರದೆ ಹೋಗುವುದುಂಟು. ಆಗ ಎಂಜಿನ್ನು ಭೋರ್ಗರೆಯುತ್ತದೆ. ಚಕ್ರಕ್ಕೆ ಮಾತ್ರ ಶಕ್ತಿ ತಲುಪುವುದಿಲ್ಲ. ಇದೇ ಹುಸಿ ನ್ಯೂಟ್ರಲ್. ಹಿಂದೆ ಬಸ್ಸೊಂದು ಬರುತ್ತಿದ್ದರೆ ಇದು ಅಪಾಯಕಾರಿ.

ಗೇರುಪೆಟ್ಟಿಗೆಯಲ್ಲಿ ಹಲ್ಲುಚಕ್ರಗಳ ಜೋಡಿಗಳು ಸದಾ ಪರಸ್ಪರ ಕಚ್ಚಿಕೊಂಡೇ ಇರುತ್ತವೆ. ನಾವು ಪೆಡಲನ್ನು ಒತ್ತಿದಾಗ ಒಂದು ಕವಲು ಚಕ್ರವೊಂದನ್ನು ಪಕ್ಕಕ್ಕೆ ಸರಿಸುತ್ತದೆ. ಅದರ ಮಗ್ಗುಲಿನ ಉಬ್ಬುಗಳು ನೆರೆಯ ಚಕ್ರದ ಕುಳಿಗಳಲ್ಲಿ ಕೂರುತ್ತವೆ. ಅವು ಅರ್ಧ ಮಾತ್ರ ಕುಳಿತರೆ ಎಂಜಿನ್ನಿನ ಒತ್ತಡಕ್ಕೆ ಜಾರಿ ಹೊರಬರುತ್ತವೆ. ಹೀಗೆ ಜಾರಿದಾಗಲೆಲ್ಲ ಉಬ್ಬುಗಳ ಅಂಚು ಸವೆಯುತ್ತದೆ. ಮುಂದೆ ಗೇರು ಇನ್ನೂ ಸುಲಭವಾಗಿ ಜಾರುತ್ತದೆ.

ದೋಷವನ್ನು ಪತ್ತೆಹಚ್ಚುವ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಮಳೆಗಾಲವಿಡೀ ಬಯಲಿನಲ್ಲಿ ನಿಂತ ಮೋಟಾರು ಸೈಕಲೊಂದರ ಗೇರು ಬಿಗಿಯಾಗಿದೆ ಎಂದುಕೊಳ್ಳಿ. ಮೊದಲು ಎಂಜಿನ್ನನ್ನು ನಿಲ್ಲಿಸಿ, ವಾಹನವನ್ನು ಮೆಲ್ಲನೆ ಹಿಂದೆ ಮುಂದೆ ಸರಿಸುತ್ತ ಗೇರು ಹಾಕಬೇಕು. ಈಗ ಗೇರು ಹಗುರವಾಗಿ ಬೀಳುತ್ತದೆ. ಎಂಜಿನ್ನು ನಡೆಯುತ್ತಿರುವಾಗಲಾದರೋ, ಕ್ಲಚ್ಚನ್ನು ಪೂರ್ತಿ ಹಿಡಿದಿದ್ದರೂ, ಸಮತಟ್ಟು ನೆಲದಲ್ಲಿ ವಾಹನವು ಮುಂದಕ್ಕೆ ತೆವಳುತ್ತದೆ. ಆದುದರಿಂದ ಕ್ಲಚ್ಚಿನ ತಟ್ಟೆಗಳು ಪೂರ್ತಿ ಬೇರ್ಪಡುತ್ತಿಲ್ಲವೆಂಬುದು ಸ್ಪಷ್ಟ.

ಕ್ಲಚ್ ಹಿಡಿಯ ತುದಿಯಲ್ಲಿ ಸಡಿಲವನ್ನು ಅಳೆದಾಗ 30 ಮಿಲಿಮೀಟರ್ ಇದೆ. ಅನೇಕ ವಾಹನಗಳಿಗೆ 10ರಿಂದ 20 ಮಿಲಿಮೀಟರ್ ಸಾಕು. ಸಡಿಲ ಹೆಚ್ಚಾದರೆ ತಟ್ಟೆಗಳು ಬಿಡುವುದಿಲ್ಲ. ತೀರ ಕಡಿಮೆಯಾದರೆ ಕ್ಲಚ್ಚು ಜಾರುತ್ತದೆ. ಕೇಬಲ್ಲಿನ ತಿರುಪಿನಿಂದ ಇದನ್ನು ಸರಿಪಡಿಸಬಹುದು. ಕೇಬಲ್ಲು ತುಕ್ಕು ಹಿಡಿದಿದ್ದರೆ ಹೊಸದನ್ನೇ ಹಾಕಬೇಕು.

ಅನಂತರ ಎಣ್ಣೆ. ಇಂದಿನ ಬಹುತೇಕ ನಾಲ್ಕು ಹೊಡೆತದ ಮೋಟಾರು ಸೈಕಲುಗಳಲ್ಲಿ ಎಂಜಿನ್ನಿಗೂ ಗೇರುಪೆಟ್ಟಿಗೆಗೂ ಕ್ಲಚ್ಚಿಗೂ ಒಂದೇ ಎಣ್ಣೆ. ಅದು ತೀರ ದಪ್ಪವಾಗಿದ್ದರೆ ತಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಎಳೆಯುತ್ತವೆ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ತಯಾರಕರು ಸೂಚಿಸಿದ ದರ್ಜೆಯ ಹೊಸ ಎಣ್ಣೆಯನ್ನು ತುಂಬಿದ ಮೇಲೆ ಬಿಗಿತ ಹೋಗುತ್ತದೆ.

ಆದರೂ ಹುಸಿ ನ್ಯೂಟ್ರಲ್ ಉಳಿದರೆ ಪೆಡಲಿನ ಕೊಂಡಿಯನ್ನು ನೋಡಬೇಕು. ಎಂಜಿನ್ನು ನಿಂತಿರುವಾಗ ಪೆಡಲನ್ನು ಕೈಯಿಂದ ಮೆಲ್ಲನೆ ಎತ್ತಿರಿ. ಪೆಡಲು ಅಲುಗಿದರೂ ಅದು ಕೂಡಿರುವ ದಂಡವು ಕೂಡಲೆ ತಿರುಗದಿದ್ದರೆ, ಅಲ್ಲಿನ ಕೀಲು ಅಥವಾ ಗೀರುಹಲ್ಲುಗಳು ಸವೆದಿವೆ. ಕಾಲಿನ ಚಲನೆಯ ಒಂದಂಶ ಅಲ್ಲೇ ವ್ಯರ್ಥವಾಗಿ, ಕವಲು ಪೂರ್ತಿ ಸರಿಯುವುದಿಲ್ಲ. ಬೋಲ್ಟು ಸಡಿಲವಾಗಿದ್ದರೆ ಬಿಗಿಯಬೇಕು. ಸವೆದ ಭಾಗವನ್ನು ಬದಲಿಸಬೇಕು.

ಇಷ್ಟಾದರೂ ಒಂದೇ ಗೇರು ಭಾರ ಬಿದ್ದಾಗಲೆಲ್ಲ ಜಾರಿದರೆ, ಉಬ್ಬುಗಳು ದುಂಡಾಗಿವೆ ಇಲ್ಲವೆ ಕವಲು ಬಾಗಿದೆ. ಆಗ ಎಂಜಿನ್ನನ್ನು ಬಿಚ್ಚದೆ ಅನ್ಯ ಮಾರ್ಗವಿಲ್ಲ. ಹೊರಗಿನ ಸಡಿಲವನ್ನು ಸಕಾಲದಲ್ಲಿ ಗಮನಿಸಿದವನಿಗೆ ಈ ದುಬಾರಿ ಕೆಲಸ ಬಹುಮಟ್ಟಿಗೆ ತಪ್ಪುತ್ತದೆ.