ಪಕ್ಕದ ಮನೆಗೆ ಹೊರಟ ಎಳ್ಳಿನ ತಟ್ಟೆ

ಕೋಲಾರ ತಾಲ್ಲೂಕಿನ ಕ್ಯಾಲನೂರಿನಂಥ ಊರಿನಲ್ಲಿ ಸಂಕ್ರಾಂತಿ ಎಂದರೇನೆಂದು ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ಹೊತ್ತಿಗೆ ರಾಗಿ ಹೊಲದಿಂದ ಮೇಲೆದ್ದಿರುತ್ತದೆ, ಅಡುಗೆಮನೆಯಲ್ಲಿ ಸೊಗಡವರೆ ಬೇಯುತ್ತಿರುತ್ತದೆ, ಮೈ ತೊಳೆದ ದನಗಳ ಕೊಂಬಿಗೆ ಬಣ್ಣ ಬಿದ್ದಿರುತ್ತದೆ. ಸಂಜೆಗೆ ಹೆಣ್ಣುಮಕ್ಕಳು ಎಳ್ಳು ಬೀರಲು ಹೊರಡುತ್ತಾರೆ. ಅದೇ ತಟ್ಟೆ ನ್ಯೂಜೆರ್ಸಿಯ ಕನ್ನಡ ಮನೆಯೊಂದರಿಂದ ಪಕ್ಕದ ಮನೆಗೆ ಹೋದಾಗ ಮಾತ್ರ ಬಾಗಿಲು ತೆರೆದವರಿಗೆ ಎರಡು ಪ್ರಶ್ನೆ ಏಳುತ್ತವೆ. ಇದರಲ್ಲಿ ಏನೇನಿದೆ? ಇವತ್ತೇ ಏಕೆ?

ಮೊದಲನೆಯದು ಬಾಯಿಚಪಲದ ಪ್ರಶ್ನೆಯಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ ಎಂಬ ಐದರಲ್ಲಿ ಎರಡು ಕೆಲವರ ಮೈಗೆ ಆಗದ ಪದಾರ್ಥಗಳು. ಕಡಲೆಕಾಯಿಯ ಅಲರ್ಜಿ ಇರುವ ಮಗುವಿಗೆ ಒಂದು ಚೂರು ತಾಗಿದರೂ ಉಸಿರು ಕಟ್ಟಬಹುದು. ಅಮೆರಿಕದಲ್ಲಿ 2021ರ ಕಾನೂನು ಎಳ್ಳನ್ನು ಒಂಬತ್ತನೆಯ ಪ್ರಮುಖ ಅಲರ್ಜಿಕಾರಕವೆಂದು ಸೇರಿಸಿತು. 2023ರ ಜನವರಿ 1ರಿಂದ ಪೊಟ್ಟಣದ ಆಹಾರದ ಮೇಲೆ ಅದರ ಹೆಸರು ಕಡ್ಡಾಯವಾಯಿತು. ಮನೆಯಲ್ಲಿ ಕಟ್ಟಿ ಹಂಚುವ ಪೊಟ್ಟಣಕ್ಕೆ ಆ ನಿಯಮ ಇಲ್ಲದಿದ್ದರೂ ಐದೂ ಹೆಸರನ್ನು ಚೀಟಿಯಲ್ಲಿ ಬರೆದು ಅಂಟಿಸುವುದೇ ಸರಿ. ಹೆಸರು ಓದಿದ ನೆರೆಯವರಿಗೆ ಹಬ್ಬದ ಅರ್ಧ ಪರಿಚಯ ಅಲ್ಲೇ ಆಗಿಬಿಡುತ್ತದೆ.

ಎಳ್ಳೋ ಕಡಲೆಕಾಯಿಯೋ ಆಗದ ಮನೆಗೆ ಏನು ಕೊಡುವುದು? ಮಿಶ್ರಣದಿಂದ ಕಡಲೆಕಾಯಿ ಬೀಜವನ್ನು ಆರಿಸಿ ತೆಗೆದರೆ ಸಾಲದು, ಅದರ ಪುಡಿ ಬೆಲ್ಲಕ್ಕೆ ಆಗಲೇ ಅಂಟಿರುತ್ತದೆ. ಹುರಿಗಡಲೆಯೂ ಕಡಲೆಕಾಯಿ ಹುರಿಯುವ ಜಾಗದಲ್ಲೇ ತಯಾರಾಗಿರಬಹುದು. ಆದ್ದರಿಂದ ಅಂಥ ಮನೆಯ ತಟ್ಟೆಯನ್ನು ಎಲ್ಲಕ್ಕಿಂತ ಮೊದಲು, ತೊಳೆದ ಮಣೆ ಮತ್ತು ಚಾಕುವಿನಿಂದ ಸಿದ್ಧಮಾಡಿ ಮುಚ್ಚಿಡಬೇಕು: ಒಂದು ಕಬ್ಬಿನ ಜಲ್ಲೆ, ಬಾಳೆಹಣ್ಣು, ಸಕ್ಕರೆ ಅಚ್ಚು. ಸಕ್ಕರೆ ಪಾಕದ ಕೊಳೆ ತೆಗೆಯಲು ಹಾಲು ಹಾಕುವ ವಾಡಿಕೆ ಇರುವುದರಿಂದ, ಹಾಲು ಆಗದವರಿದ್ದಾರೆಯೇ ಎಂದೂ ಕೇಳಿಕೊಳ್ಳುವುದು ಒಳ್ಳೆಯದು.

ತಯಾರಿಯಲ್ಲೂ ಚಳಿದೇಶದ ತೊಡಕಿದೆ. ನಮ್ಮಲ್ಲಿ ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬೆಲ್ಲದ ಚೂರಿನಂತೆಯೇ ಬಿಸಿಲಿಗೆ ಹರಡುತ್ತಾರೆ. ಅಲ್ಲಿ ಜನವರಿಯ ಬಿಸಿಲಿಗೆ ಒಣಗಿಸುವ ಶಕ್ತಿಯಿಲ್ಲ. ಕೊಬ್ಬರಿಯಲ್ಲಿ ಪಸೆ ಉಳಿದರೆ ಬೆಲ್ಲ ಬೆವರುತ್ತದೆ, ಎರಡು ದಿನದಲ್ಲಿ ಮಿಶ್ರಣವೆಲ್ಲ ಮುದ್ದೆಗಟ್ಟುತ್ತದೆ. ಕೊಬ್ಬರಿಯನ್ನು ಓವನ್ನಿನ ತೀರಾ ಸಣ್ಣ ಶಾಖದಲ್ಲಿ ಒಣಗಿಸಿ, ಪೂರ್ತಿ ಆರಿದ ಮೇಲೆ ಬೆರೆಸಬೇಕು. ಮುರಿದಾಗ ಬಾಗದೆ ಪಟಕ್ಕೆಂದರೆ ಒಣಗಿದೆ ಎಂದರ್ಥ. ಬೆಲ್ಲವನ್ನು ಮಾತ್ರ ಓವನ್ನಿಗೆ ಇಡಬಾರದು, ಕರಗಿಬಿಡುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು. ಇಂದು ಸೂರ್ಯ ಉತ್ತರಕ್ಕೆ ತಿರುಗುತ್ತಾನೆ, ಹಗಲು ಬೆಳೆಯುತ್ತದೆ ಎನ್ನುವುದು ರೂಢಿಯ ಉತ್ತರ. ಆದರೆ ಡಿಸೆಂಬರ್ 21ರ ಸುಮಾರಿಗೇ ಹಗಲು ಬೆಳೆಯತೊಡಗಿದ್ದನ್ನು ನೆರೆಯವರು ಶಾಲೆಯಲ್ಲೇ ಕಲಿತಿರುತ್ತಾರೆ. ಎರಡರ ನಡುವೆ ಮೂರು ವಾರಕ್ಕೂ ಮಿಕ್ಕ ಅಂತರ ಬಂದದ್ದಕ್ಕೆ ಕಾರಣವಿದೆ. ಭೂಮಿಯ ಅಕ್ಷ ಬಹಳ ನಿಧಾನವಾಗಿ ತನ್ನ ದಿಕ್ಕು ಬದಲಿಸುತ್ತದೆ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಆಧಾರವಾಗಿಟ್ಟುಕೊಂಡು ಮಕರ ರಾಶಿಯನ್ನು ಗುರುತಿಸುತ್ತದೆ. ಹೀಗಾಗಿ ಸಂಕ್ರಾಂತಿ ಸುಮಾರು ಎಪ್ಪತ್ತು ವರ್ಷಕ್ಕೊಂದು ದಿನದಂತೆ ಮುಂದೆ ಸರಿಯುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯಂದು, 1863ರ ಜನವರಿ 12ರಂದು. ಈಗ ಅದೇ ಹಬ್ಬ 14ಕ್ಕೋ 15ಕ್ಕೋ ಬರುತ್ತದೆ. ಈ ಒಂದು ಉದಾಹರಣೆ ಕೊಟ್ಟರೆ ಹತ್ತು ವರ್ಷದ ಮಗುವಿಗೂ ವಿಷಯ ಹಿಡಿಯುತ್ತದೆ.

ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಉತ್ತರವೂ ಕೈಕೊಡುತ್ತದೆ. ಅಲ್ಲಿ ಜನವರಿ ಸುಡುಬೇಸಿಗೆ. ಸೂರ್ಯ ಉತ್ತರಕ್ಕೆ ಸರಿದಷ್ಟೂ ಅವರ ಹಗಲು ಕುಗ್ಗುತ್ತದೆ, ಚಳಿಗಾಲ ಹತ್ತಿರವಾಗುತ್ತದೆ. ಚಳಿಗೆ ಒಣಗಿದ ಮೈಗೆ ಎಳ್ಳಿನ ಜಿಡ್ಡು ಹಿತ ಎಂಬ ವಿವರಣೆಯೂ ಅಲ್ಲಿ ನಿಲ್ಲದು. ಅಲ್ಲಿ ಸುಗ್ಗಿಯಿಂದ ಮಾತು ಶುರುಮಾಡುವುದೇ ಲೇಸು. ಮಳೆಯನ್ನೇ ನಂಬಿದ ಒಣನೆಲದಲ್ಲಿ ಬೆಳೆದ ಎಳ್ಳು, ಕಡಲೆಕಾಯಿ ಕೈಗೆ ಬಂದು, ಕಬ್ಬು ಬೆಲ್ಲವಾಗುವ ಕಾಲ ಇದು. ಬೆಳೆದದ್ದನ್ನು ಬೆರೆಸಿ ಬೀದಿಯ ಎಲ್ಲ ಮನೆಗೂ ಕೊಟ್ಟು, ಒಳ್ಳೆಯ ಮಾತಾಡಿ ಎನ್ನುತ್ತಾರೆ. ಇಷ್ಟನ್ನು ಯಾವ ಅಕ್ಷಾಂಶದಲ್ಲಾದರೂ ಹೇಳಬಹುದು. ನೆರೆಯವರು ಪೆರು ಅಥವಾ ಬ್ರೆಜಿಲ್ ಮೂಲದವರಾಗಿದ್ದರೆ ಮಾತು ಇನ್ನೂ ಬೆಳೆಯುತ್ತದೆ: ಎಳ್ಳು ನಮ್ಮ ನೆಲದ ಪುರಾತನ ಬೆಳೆ, ಆದರೆ ತಟ್ಟೆಯಲ್ಲಿರುವ ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಅದು ಕಡಲು ದಾಟಿ ನಮ್ಮ ಹೊಲಕ್ಕೆ ಬಂದು ಕೆಲವೇ ಶತಮಾನಗಳಾಗಿವೆ.