ಪರ್ಸೆಂಟ್ ಒಂದು ಪ್ರಶ್ನೆ, ಸ್ಕ್ರೈಬ್ ಇನ್ನೊಂದು

ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬುವ ಹುಡುಗ ಸಾಮಾನ್ಯವಾಗಿ ಎರಡೇ ಮಾತು ಕೇಳುತ್ತಾನೆ: ‘ಅಂಗವಿಕಲ ಸರ್ಟಿಫಿಕೇಟ್ ಇದೆಯಾ ಸರ್? ಎಷ್ಟು ಪರ್ಸೆಂಟ್?’ ಸಂಖ್ಯೆ ಹೇಳಿದ ಕೂಡಲೇ ಮುಂದಿನ ಪುಟಕ್ಕೆ ಹೋಗುತ್ತಾನೆ. ಅದರ ಕೆಳಗೆ ಇನ್ನೂ ಎರಡು ಮೂರು ಪ್ರಶ್ನೆಗಳಿರುತ್ತವೆ. ಬರೆಯುವ ಕೈಗೇ ತೊಂದರೆಯಾಗಿದೆಯೇ, ಬರೆಯಲು ದೈಹಿಕ ಮಿತಿ ಇದೆಯೇ, ಸ್ಕ್ರೈಬ್ ಬೇಕೇ ಎಂಬವು ಅವು. ಅವಸರದಲ್ಲಿ ಅವೆಲ್ಲಕ್ಕೂ ‘ಇಲ್ಲ’ ಎಂದು ಬಿದ್ದುಹೋಗುತ್ತದೆ. ಪರ್ಸೆಂಟ್ ಬರೆದಾಯಿತಲ್ಲ, ಪರೀಕ್ಷೆಯ ದಿನ ಬರೆಯಲು ಒಬ್ಬರನ್ನು ಕೊಟ್ಟೇ ಕೊಡುತ್ತಾರೆ ಎಂದು ಅಭ್ಯರ್ಥಿ ನಂಬಿರುತ್ತಾನೆ. ಕೊಡುವುದಿಲ್ಲ.

ಈ ಎರಡು ಬೇರೆ ಬೇರೆ ವಿಷಯಗಳು. ಪರ್ಸೆಂಟ್ ನೋಡುವುದು ಮೀಸಲಾತಿಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದ್ದರೆ ಮೀಸಲಾತಿಯ ಬಾಗಿಲು ತೆರೆಯುತ್ತದೆ. ಸ್ಕ್ರೈಬ್‌ಗೆ ನೋಡುವುದು ನೀವು ಬರೆಯಬಲ್ಲಿರಾ ಇಲ್ಲವಾ ಎಂಬುದನ್ನು. ಕಾಲಿಗೆ ಶೇ 75 ವೈಕಲ್ಯವಿರುವವರು ಆರಾಮಾಗಿ ಬರೆಯಬಹುದು. ಬಲಗೈಗೆ ಅದರ ಅರ್ಧದಷ್ಟು ಇರುವವರಿಗೆ ಒಂದು ಪುಟವೂ ಬರೆಯಲು ಆಗದಿರಬಹುದು.

ಒಂದು ಉದಾಹರಣೆ ಹಿಡಿದು ನೋಡೋಣ. ಹಾವೇರಿ ಜಿಲ್ಲೆಯ ಒಬ್ಬ ಪದವೀಧರ ಯುವಕ ಎಂದುಕೊಳ್ಳಿ. ಬೈಕ್ ಅಪಘಾತದಲ್ಲಿ ಭುಜದ ನರಗಳಿಗೆ ಪೆಟ್ಟಾಗಿ ಬಲಗೈ ಸೋತಿದೆ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ, ಅಂದರೆ ಎಸ್‌ಎಸ್‌ಸಿಯ, ಎಂಟಿಎಸ್ ಪರೀಕ್ಷೆಗೆ ಅರ್ಜಿ ಹಾಕುತ್ತಿದ್ದಾನೆ. 2023ರಿಂದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದಾದ್ದರಿಂದ ನಮ್ಮ ಕಡೆಯವರು ಹೆಚ್ಚು ಹಾಕುತ್ತಿದ್ದಾರೆ.

ಮೊದಲು ಅವನು ಸರ್ಟಿಫಿಕೇಟನ್ನು ಮುಂದಿಟ್ಟುಕೊಳ್ಳಬೇಕು, ನೆನಪಿನಿಂದ ತುಂಬಬಾರದು. ಅದರಲ್ಲಿ ಪರ್ಸೆಂಟನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ದೇಹದ ಯಾವ ಭಾಗಕ್ಕೆ ಸಂಬಂಧಿಸಿದ್ದು ಎಂದೂ ನಮೂದಿಸಿರುತ್ತಾರೆ. ನಮ್ಮ ಯುವಕನದು ಶೇ 55, ಬಲಗೈ, ಶಾಶ್ವತ ಚಲನ ವೈಕಲ್ಯ. ಅರ್ಜಿಯಲ್ಲಿ ಇದು ಇದ್ದಂತೆಯೇ ಬರಬೇಕು. ತಾತ್ಕಾಲಿಕ ಎಂದಿದ್ದರೆ ಅದಕ್ಕೊಂದು ಅವಧಿ ಇರುತ್ತದೆ, ಆ ಅವಧಿ ಮುಗಿದಿರಬಾರದು. ಎರಡು ಬಗೆಯ ವೈಕಲ್ಯವಿದ್ದವರು ತಾವೇ ಕೂಡಿಸಿ ಬರೆಯುವುದು ಸಾಮಾನ್ಯ ತಪ್ಪು. ವೈದ್ಯಕೀಯ ಮಂಡಳಿ ಲೆಕ್ಕ ಹಾಕುವ ಸೂತ್ರ ನೇರ ಸಂಕಲನವಲ್ಲ. ಶೇ 30 ಮತ್ತು ಶೇ 20 ಸೇರಿದರೆ 50 ಆಗುವುದಿಲ್ಲ, ಸುಮಾರು 43 ಆಗುತ್ತದೆ. ಮಂಡಳಿ ಕೊನೆಗೆ ಬರೆದ ಒಟ್ಟು ಸಂಖ್ಯೆ ಯಾವುದೋ ಅದನ್ನೇ ಹಾಕಬೇಕು.

ಇನ್ನು ಸ್ಕ್ರೈಬ್‌ನ ಪ್ರಶ್ನೆ. ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೂರು ಗುಂಪಿನವರಿಗೆ ಕೇಳಿದರೆ ಸಾಕು, ಸ್ಕ್ರೈಬ್ ಸಿಗುತ್ತದೆ: ದೃಷ್ಟಿ ಇಲ್ಲದವರು, ಎರಡೂ ಕೈಗಳಿಗೆ ವೈಕಲ್ಯವಿರುವವರು, ಸೆರೆಬ್ರಲ್ ಪಾಲ್ಸಿ ಇರುವವರು. ನಮ್ಮ ಯುವಕನದು ಒಂದೇ ಕೈ. ಹಾಗಾಗಿ ಶೇ 55 ಇದ್ದರೂ ಅವನು ಇನ್ನೊಂದು ಪ್ರಮಾಣಪತ್ರ ತರಬೇಕು. ಈತನಿಗೆ ಬರೆಯಲು ದೈಹಿಕ ಮಿತಿ ಇದೆ ಎಂದು ಹೇಳುವ ಒಂದು ಪುಟದ ನಮೂನೆ ಅದು, ಅಧಿಸೂಚನೆಯ ಕೊನೆಯ ಅನುಬಂಧಗಳಲ್ಲಿ ಸಿಗುತ್ತದೆ. ಸಹಿ ಹಾಕಬೇಕಾದವರು ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅಥವಾ ವೈದ್ಯಕೀಯ ಅಧೀಕ್ಷಕರು. ನಮ್ಮಲ್ಲಿ ಜಿಲ್ಲಾ ಆಸ್ಪತ್ರೆಯ ಡಿಸ್ಟ್ರಿಕ್ಟ್ ಸರ್ಜನ್ ಅವರನ್ನು ಕಾಣಬೇಕು. ನಮೂನೆಯ ಕೆಳಗೆ ಸಣ್ಣಕ್ಷರದ ಟಿಪ್ಪಣಿಯೊಂದಿದೆ: ಸಂಬಂಧಪಟ್ಟ ವಿಭಾಗದ ತಜ್ಞರೇ ಇದನ್ನು ಕೊಡಬೇಕು. ಕೈಯಾದರೆ ಮೂಳೆ ತಜ್ಞರು, ಕಣ್ಣಾದರೆ ನೇತ್ರ ತಜ್ಞರು. ಊರಿನ ಪರಿಚಯದ ಡಾಕ್ಟರು ಲೆಟರ್‌ಹೆಡ್‌ನಲ್ಲಿ ಎಷ್ಟು ಪ್ರೀತಿಯಿಂದ ಬರೆದುಕೊಟ್ಟರೂ ಪರೀಕ್ಷಾ ಕೇಂದ್ರದಲ್ಲಿ ಅದು ನಡೆಯುವುದಿಲ್ಲ. ಆಸ್ಪತ್ರೆಯಲ್ಲಿ ತಜ್ಞರು ಸಿಗುವ ದಿನ, ಸಹಿಯ ದಿನ ಎಂದು ಓಡಾಟ ಇದ್ದದ್ದೇ. ಆದ್ದರಿಂದ ಪ್ರವೇಶಪತ್ರ ಬರುವವರೆಗೆ ಕಾಯದೆ, ಅರ್ಜಿ ಹಾಕಿದ ವಾರವೇ ಈ ಕೆಲಸ ಶುರುಮಾಡುವುದು ಒಳ್ಳೆಯದು.

ಪರೀಕ್ಷೆ ಕಂಪ್ಯೂಟರಿನಲ್ಲಿ ತಾನೆ, ಎಡಗೈಯಲ್ಲಿ ಮೌಸ್ ಒತ್ತಿದರಾಯಿತು, ಸ್ಕ್ರೈಬ್ ಯಾಕೆ ಎಂದು ಮನೆಯವರೇ ಹೇಳುವುದುಂಟು. ಗಣಿತದ 20 ಪ್ರಶ್ನೆಗಳಿಗೆ ರಫ್ ಹಾಳೆಯ ಮೇಲೆ ಲೆಕ್ಕ ಮಾಡುವುದು ಯಾರು? ಅಲ್ಲಿ ಅಭ್ಯರ್ಥಿ ಹೇಳಿದಂತೆ ಸ್ಕ್ರೈಬ್ ಗೀಚಬೇಕು. ಜೊತೆಗೆ ಸಮಯದ ಮಾತೂ ಇದೆ. ಸ್ಕ್ರೈಬ್‌ಗೆ ಅರ್ಹರಾದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಪರಿಹಾರ ಸಮಯ ಕೊಡಬೇಕು. ಎಂಟಿಎಸ್‌ನಲ್ಲಿ 45 ನಿಮಿಷದ ಎರಡು ಭಾಗಗಳಿವೆ. ನಮ್ಮ ಯುವಕನಿಗೆ ಒಂದೊಂದಕ್ಕೂ 60 ನಿಮಿಷ ಸಿಗುತ್ತದೆ. ಅರ್ಜಿಯಲ್ಲಿ ‘ದೈಹಿಕ ಮಿತಿ ಇಲ್ಲ’ ಎಂದು ಒತ್ತಿದರೆ ಸ್ಕ್ರೈಬ್ ಜೊತೆಗೆ ಈ ಹೆಚ್ಚುವರಿ ಸಮಯವೂ ಹೋಯಿತು.

ಸ್ವಂತ ಸ್ಕ್ರೈಬೋ, ಪರೀಕ್ಷೆ ನಡೆಸುವವರೇ ಕೊಡುವ ಸ್ಕ್ರೈಬೋ? ಎರಡೂ ಆಯ್ಕೆ ಇದ್ದಾಗ ಹೆಚ್ಚಿನವರು ಸ್ವಂತದವರನ್ನೇ ಇಷ್ಟಪಡುತ್ತಾರೆ, ಅವರ ಓದಿನ ವೇಗ ಗೊತ್ತಿರುತ್ತದೆ. ಆದರೆ 2018ರ ಮಾರ್ಗಸೂಚಿಯಂತೆ ಅವರ ವಿದ್ಯಾರ್ಹತೆ ಅಭ್ಯರ್ಥಿಯದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕಿತ್ತು. ನಮ್ಮವನು ಪದವೀಧರ, ಹಾಗಾಗಿ ಆ ನಿಯಮದಂತೆ ಪಿಯುಸಿ ಓದಿದ ತಮ್ಮನೋ ಪಕ್ಕದ ಮನೆಯ ಹುಡುಗನೋ ಆಗಬಹುದಿತ್ತು, ಜೊತೆಗೆ ಡಿಗ್ರಿ ಮುಗಿಸಿದ ಗೆಳೆಯ ಆಗುತ್ತಿರಲಿಲ್ಲ. ಅದೇ ಪರೀಕ್ಷೆಗೆ ಅರ್ಜಿ ಹಾಕಿದವರೂ ಸಲ್ಲ. ಸ್ಕ್ರೈಬ್‌ನ ವಿವರ ತುಂಬಿ ಇಬ್ಬರೂ ಸಹಿ ಮಾಡಿದ ಮುಚ್ಚಳಿಕೆ ಪತ್ರವನ್ನು, ಅವರ ಗುರುತಿನ ಚೀಟಿಯೊಂದಿಗೆ ಪರೀಕ್ಷೆಯ ದಿನ ಒಯ್ಯಬೇಕು. ನಿಯಮಗಳು ಮತ್ತೆ ಮತ್ತೆ ಬದಲಾಗುತ್ತಿರುವುದರಿಂದ ಆಯಾ ವರ್ಷದ ಅಧಿಸೂಚನೆಯ ಈ ಭಾಗವನ್ನು ಸ್ವತಃ ಓದಲೇಬೇಕು, ಹೋದ ವರ್ಷ ಬರೆದವರ ಮಾತು ಸಾಲದು. ಪರೀಕ್ಷೆ ನಡೆಸುವವರು ಕೊಡುವ ಸ್ಕ್ರೈಬ್ ಆದರೆ ನೋಡಿಕೊಳ್ಳಬೇಕಾದ್ದು ಭಾಷೆ. ಕನ್ನಡ ಆರಿಸಿಕೊಂಡು ಹೊರರಾಜ್ಯದ ಕೇಂದ್ರ ಹಾಕಿಕೊಂಡರೆ, ಕನ್ನಡ ಓದಲು ಬರುವವರು ಅಲ್ಲಿ ಸಿಗುವುದು ಕಷ್ಟ.

ಶೇ 40ಕ್ಕಿಂತ ಕಡಿಮೆ ಇದ್ದವರ ಗತಿ ಏನು? ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬುವರಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಸ್ಕ್ರೈಬ್ ನಿರಾಕರಿಸಲಾಗಿತ್ತು. ಶೇ 40ರ ಗೆರೆಯನ್ನು ಮೀಸಲಾತಿಯಿಂದ ಎತ್ತಿ ತಂದು ಸ್ಕ್ರೈಬ್‌ಗೂ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿತು. ಆಮೇಲೆ 2022ರ ಆಗಸ್ಟ್‌ನಲ್ಲಿ ಇಂಥವರಿಗೆಂದೇ ಬೇರೆ ಮಾರ್ಗಸೂಚಿ, ಬೇರೆ ನಮೂನೆ ಬಂತು. ಅದಕ್ಕೆ ಒಬ್ಬ ವೈದ್ಯರ ಸಹಿ ಸಾಲದು, ಸರ್ಕಾರಿ ಆಸ್ಪತ್ರೆಯಲ್ಲಿ ಹಲವು ತಜ್ಞರ ಸಮಿತಿ ನೋಡಿ ಕೊಡಬೇಕು. ಇಂಥವರು ಅರ್ಜಿಯಲ್ಲಿ ಮೀಸಲಾತಿ ಕೇಳಬಾರದು, ಆ ವರ್ಗಕ್ಕಿರುವ ಶುಲ್ಕ ವಿನಾಯಿತಿಯೂ ಅವರಿಗಿಲ್ಲ. ‘ಬರೆಯಲು ತೊಂದರೆ ಇದೆ’ ಎಂಬ ಪ್ರತ್ಯೇಕ ಪ್ರಶ್ನೆಗೆ ಮಾತ್ರ ‘ಹೌದು’ ಎನ್ನಬೇಕು. 38 ಇದ್ದದ್ದನ್ನು 40 ಎಂದು ತಿದ್ದಿ ಹಾಕಿದವರು ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತಾರೆ. ನ್ಯಾಯವಾಗಿ ಸಿಗಬಹುದಾಗಿದ್ದ ಸ್ಕ್ರೈಬ್‌ಗಾಗಿ ನೌಕರಿಯನ್ನೇ ಕಳೆದುಕೊಂಡಂತೆ ಅದು.

ತಪ್ಪು ತುಂಬಿದ್ದು ಆಮೇಲೆ ಗೊತ್ತಾದರೆ, ಕೊನೆಯ ದಿನಾಂಕ ಕಳೆದ ಮೇಲೆ ಎಸ್‌ಎಸ್‌ಸಿ ಕೆಲವು ದಿನ ತಿದ್ದುಪಡಿಗೆ ಅವಕಾಶ ಕೊಡುತ್ತದೆ. ಮೊದಲ ಸಲಕ್ಕೆ 200 ರೂಪಾಯಿ, ಎರಡನೆಯದಕ್ಕೆ 500. ಅರ್ಜಿ ಶುಲ್ಕದ ವಿನಾಯಿತಿ ಇದ್ದವರೂ ಇದನ್ನು ಕಟ್ಟಬೇಕು. ಅದೂ ದಾಟಿದರೆ ಕೇಂದ್ರದ ಮೇಲ್ವಿಚಾರಕರ ಎದುರು ಎಷ್ಟು ಬೇಡಿಕೊಂಡರೂ ಪ್ರಯೋಜನವಿಲ್ಲ, ಅವರ ಪಟ್ಟಿಯಲ್ಲಿ ಹೆಸರಿನ ಮುಂದೆ ಸ್ಕ್ರೈಬ್ ಇರುವುದಿಲ್ಲ. ಆದ್ದರಿಂದ ಅರ್ಜಿಯ ಪ್ರಿಂಟ್ ಕೈಗೆ ಬಂದ ಕೂಡಲೇ, ಸೈಬರ್ ಸೆಂಟರಿನ ಕುರ್ಚಿಯಿಂದ ಏಳುವ ಮೊದಲೇ, ಪರ್ಸೆಂಟ್, ಬರೆಯುವ ಕೈ, ಸ್ಕ್ರೈಬ್ ಈ ಮೂರು ಸಾಲುಗಳನ್ನು ಸರ್ಟಿಫಿಕೇಟಿನ ಪಕ್ಕದಲ್ಲಿಟ್ಟು ಬೆರಳಿಟ್ಟು ಓದಬೇಕು.