ಫೆಬ್ರವರಿಯಲ್ಲಿ ಸರಿ, ಮಾರ್ಚಿನಲ್ಲಿ ತಪ್ಪು

ಜಾಲತಾಣವೊಂದನ್ನು ತೆರೆದಾಗ ಬ್ರೌಸರ್ ನಮ್ಮ ಬಗ್ಗೆ ಕೆಲವು ಸಂಗತಿಗಳನ್ನು ಸರ್ವರ್‌ಗೆ ತಾನಾಗಿಯೇ ತಿಳಿಸುತ್ತದೆ. ನಮಗೆ ಯಾವ ಭಾಷೆ ಬೇಕು ಎಂಬುದೂ ಅದರಲ್ಲಿರುತ್ತದೆ. ನಾವು ಯಾವ ಕಾಲವಲಯದಲ್ಲಿದ್ದೇವೆ ಎಂಬುದು ಮಾತ್ರ ಇರುವುದಿಲ್ಲ. ಆನ್‌ಲೈನ್ ಪಾಠಕ್ಕೋ ಡಾಕ್ಟರ ಭೇಟಿಗೋ ಸಮಯ ಗೊತ್ತುಮಾಡುವ ತಾಣಗಳಿಗೆ ಅದು ಬೇಕೇ ಬೇಕು. ಹಾಗಾಗಿ ಅವು ಊಹಿಸುತ್ತವೆ.

ಒಂದು ದಾರಿ ಐಪಿ ವಿಳಾಸ. ಈ ವಿಳಾಸಗಳನ್ನು ಇಂಟರ್ನೆಟ್ ಕಂಪನಿಗಳಿಗೆ ಕಂತೆಕಂತೆಯಾಗಿ ಹಂಚಿರುತ್ತಾರೆ. ಯಾವ ಕಂತೆ ಯಾವ ಊರಿನಲ್ಲಿ ಬಳಕೆಯಲ್ಲಿದೆ ಎಂದು ಅಂದಾಜಿಸಿ ಪಟ್ಟಿ ಮಾಡಿ ಮಾರುವವರಿದ್ದಾರೆ. ಆ ಪಟ್ಟಿಯಿಂದ ಊರು, ಊರಿನಿಂದ ಕಾಲವಲಯ. ಮೊಬೈಲಿನಲ್ಲಿ ಈ ಲೆಕ್ಕ ಸುಲಭವಾಗಿ ಜಾರುತ್ತದೆ. ಫೋನಿನಿಂದ ಹೊರಟ ಸಂಕೇತ ಕಂಪನಿಯ ಯಾವುದೋ ದೂರದ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಇಂಟರ್ನೆಟ್ ಸೇರಬಹುದು. ಆಗ ಪಟ್ಟಿ ತೋರಿಸುವುದು ಆ ಕೇಂದ್ರದ ಊರನ್ನು. ಮೈಸೂರಿನವರನ್ನು ಚೆನ್ನೈನವರೆಂದು ತಿಳಿದರೂ ಗಂಟೆ ತಪ್ಪುವುದಿಲ್ಲ, ಏಕೆಂದರೆ ಭಾರತಕ್ಕೆಲ್ಲ ಒಂದೇ ಸಮಯ. ಅಮೆರಿಕದಲ್ಲಿ ಆ ಅನುಕೂಲವಿಲ್ಲ.

ಇನ್ನೊಂದು ದಾರಿ, ಪುಟದೊಳಗಿನ ಪ್ರೋಗ್ರಾಮಿನಿಂದ ಬ್ರೌಸರನ್ನೇ ಕೇಳುವುದು:

```
new Date().getTimezoneOffset()
Intl.DateTimeFormat().resolvedOptions().timeZone
```

ಬೆಂಗಳೂರಿನಲ್ಲಿ ಮೊದಲ ಸಾಲಿಗೆ -330 ಎಂಬ ಉತ್ತರ ಬರುತ್ತದೆ. ಜಾಗತಿಕ ಸಮಯಕ್ಕಿಂತ ನಾವು 330 ನಿಮಿಷ ಮುಂದಿದ್ದೇವೆ. ಜಾಗತಿಕ ಸಮಯದಿಂದ ನಮ್ಮ ಸಮಯವನ್ನು ಕಳೆಯುವುದರಿಂದ ಋಣಚಿಹ್ನೆ. ಎರಡನೆಯ ಸಾಲಿಗೆ ಬರುವುದು Asia/Kolkata ಎಂಬ ಹೆಸರು. ಕೆಲವು ಬ್ರೌಸರ್‌ಗಳು ಹಳೆಯ Asia/Calcutta ಎಂಬುದನ್ನೇ ಕೊಡುವುದುಂಟು. ಎರಡೂ ಒಂದೇ ವಲಯ.

ಸಂಖ್ಯೆಯೇ ಸಾಕು, ಹೆಸರೇಕೆ ಎಂದು ಅನೇಕ ತಾಣಗಳನ್ನು ಕಟ್ಟಿದವರು ಭಾವಿಸಿದ್ದಾರೆ. ಅದು ಎಷ್ಟು ದುಬಾರಿ ಎಂದು ತಿಳಿಯಲು ಅಮೆರಿಕದ ಫೀನಿಕ್ಸ್ ಮತ್ತು ಡೆನ್ವರ್ ನಗರಗಳನ್ನು ನೋಡಬೇಕು. ಚಳಿಗಾಲದಲ್ಲಿ ಎರಡೂ ಕಡೆ ಉತ್ತರ 420. ಮಾರ್ಚಿನ ಎರಡನೇ ಭಾನುವಾರ ಡೆನ್ವರ್ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಅಲ್ಲಿನ ಉತ್ತರ 360 ಆಗುತ್ತದೆ. ಅರಿಜೋನಾ ರಾಜ್ಯ 1968ರಿಂದ ಗಡಿಯಾರವನ್ನು ಹೀಗೆ ಮುಟ್ಟಿಲ್ಲ, ಅಲ್ಲಿನ ನವಾಹೋ ಜನರ ಸೀಮೆಯೊಂದನ್ನು ಬಿಟ್ಟು. ಹಾಗಾಗಿ ಫೀನಿಕ್ಸಿನಲ್ಲಿ ವರ್ಷವಿಡೀ 420.

ಫೀನಿಕ್ಸಿನ ಕನ್ನಡತಿಯೊಬ್ಬರು ಬೆಂಗಳೂರಿನ ಗುರುಗಳ ಬಳಿ ಫೆಬ್ರವರಿಯಲ್ಲಿ ಸಂಗೀತ ಪಾಠ ಶುರುಮಾಡಿದರು ಎಂದುಕೊಳ್ಳೋಣ. ಪ್ರತಿ ಬುಧವಾರ ರಾತ್ರಿ 8 ಗಂಟೆ ಎಂದು ಅವರು ತಾಣದಲ್ಲಿ ಗುರುತು ಮಾಡುತ್ತಾರೆ. ಐಪಿ ವಿಳಾಸ ನೋಡಿದ ತಾಣ ಅವರು ಡೆನ್ವರ್‌ನಲ್ಲಿದ್ದಾರೆ ಎಂದು ಬರೆದುಕೊಳ್ಳುತ್ತದೆ. ಗುರುಗಳಿಗೆ ಗುರುವಾರ ಬೆಳಿಗ್ಗೆ 8:30 ಎಂದು ತೋರಿಸುತ್ತದೆ. ಸರಿಯಾಗಿಯೇ ಇದೆ. ವಾರಗಟ್ಟಲೆ ಪಾಠ ಸುಸೂತ್ರ. ಮಾರ್ಚಿನ ಆ ಭಾನುವಾರ ಕಳೆದ ಮೇಲೆ ಗುರುಗಳ ಪರದೆಯಲ್ಲಿ 7:30 ಎಂದು ಬರುತ್ತದೆ, ಶಿಷ್ಯೆಗೆ ಎಂದಿನಂತೆ ರಾತ್ರಿ 8. ಗುರುಗಳು ತಂಬೂರಿ ಶ್ರುತಿ ಮಾಡಿಕೊಂಡು ಒಂದು ಗಂಟೆ ಕಾಯುತ್ತಾರೆ. ಇಬ್ಬರೂ ತಮ್ಮ ಪರದೆಯನ್ನು ಸರಿಯಾಗಿಯೇ ಓದಿದ್ದಾರೆ. ತಪ್ಪು ನಡೆದದ್ದು ಫೆಬ್ರವರಿಯಲ್ಲಿ, ಕಾಣಿಸಿಕೊಂಡದ್ದು ಮಾರ್ಚಿನಲ್ಲಿ. ಆದ್ದರಿಂದಲೇ ಹುಡುಕುವುದು ಕಷ್ಟ.

ಬರೀ 420 ಎಂದು ಬರೆದಿಟ್ಟುಕೊಂಡಿದ್ದರೆ ಈ ಶಿಷ್ಯೆಗೆ ತೊಂದರೆಯಾಗುತ್ತಿರಲಿಲ್ಲ, ನಿಜ. ಆದರೆ ಡೆನ್ವರ್‌ನಲ್ಲಿರುವ ಶಿಷ್ಯರ ಪಾಠಗಳೆಲ್ಲ ಅದೇ ಮಾರ್ಚಿನಲ್ಲಿ ಕೆಡುತ್ತಿದ್ದವು. ಹೆಸರು ಸಿಗದ ಹಳೆಯ ಬ್ರೌಸರ್‌ಗಳಲ್ಲಿ ಒಂದು ಉಪಾಯವಿದೆ: ಜನವರಿಯ ಒಂದು ದಿನ, ಜುಲೈನ ಒಂದು ದಿನ, ಎರಡಕ್ಕೂ ಸಂಖ್ಯೆ ಕೇಳುವುದು. 420 ಮತ್ತು 420 ಬಂದರೆ ಫೀನಿಕ್ಸಿನ ರೀತಿ, 420 ಮತ್ತು 360 ಬಂದರೆ ಡೆನ್ವರ್‌ನದು.

ಹಾಗೆಂದು ಹೆಸರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬ್ರೌಸರ್ ಹೇಳುವುದು ಯಂತ್ರದಲ್ಲಿ ಹೊಂದಿಸಿಟ್ಟ ವಲಯವನ್ನು, ಕೂತ ಮನುಷ್ಯ ಇರುವ ಊರನ್ನಲ್ಲ. ಬೆಂಗಳೂರಿನಲ್ಲಿ ಕೂತು ಟೆಕ್ಸಾಸ್‌ನ ಕಂಪ್ಯೂಟರಿಗೆ ದೂರದಿಂದ ಲಾಗಿನ್ ಆಗಿ ಕೆಲಸ ಮಾಡುವವರ ಬ್ರೌಸರ್ America/Chicago ಎನ್ನುತ್ತದೆ. ಅವರ ಐಪಿ ವಿಳಾಸವೂ ಅಮೆರಿಕದ್ದೇ. ಎರಡು ಸಾಕ್ಷಿಗಳೂ ಒಪ್ಪಿವೆ, ಎರಡೂ ತಪ್ಪು. ಇದಕ್ಕಿಂತ ಸುಲಭದ್ದು ಸಾಕ್ಷಿಗಳು ಜಗಳವಾಡುವ ಸಂದರ್ಭ: ಕಚೇರಿಯ ವಿಪಿಎನ್‌ನಿಂದಾಗಿ ವಿಳಾಸ ಅಮೆರಿಕವನ್ನೂ ಬ್ರೌಸರ್ ಭಾರತವನ್ನೂ ತೋರಿಸಿದರೆ, ಅನುಮಾನಕ್ಕೆ ಕಾರಣ ಕಣ್ಣಮುಂದೆಯೇ ಇರುತ್ತದೆ. ಆಗ ಕೇಳಿಬಿಡಬಹುದು.

ಹೆಸರು ಸರಿಯಿದ್ದೂ ಗಂಟೆ ತಪ್ಪುವುದುಂಟು. ಮೆಕ್ಸಿಕೋ 2022ರ ಅಕ್ಟೋಬರಿನಲ್ಲಿ ದೇಶದ ಬಹುಭಾಗದಲ್ಲಿ ಬೇಸಿಗೆ ಸಮಯವನ್ನು ರದ್ದುಮಾಡಿತು. ಹೊಸ ನಿಯಮ ತಲುಪದ ಹಳೆಯ ಫೋನಿಗೆ ಅದು ಗೊತ್ತಿಲ್ಲ. ಮುಂದಿನ ಏಪ್ರಿಲ್ ಬಂದಾಗ ಹಳೆಯ ಲೆಕ್ಕದಂತೆ ಒಂದು ಗಂಟೆ ಮುಂದೆ ಹಾರುತ್ತದೆ. ವಲಯದ ಹೆಸರು ಸರಿ, ವ್ಯತ್ಯಾಸ ಕರಾರುವಾಕ್ಕಾಗಿ ಒಂದು ಗಂಟೆ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು.

ನನ್ನ ಮಟ್ಟಿಗೆ ಸರಿಯಾದ ಕ್ರಮ ಹೀಗಿದೆ. ಬ್ರೌಸರ್ ಕೊಟ್ಟ ಹೆಸರನ್ನು ಮೊದಲ ಊಹೆಯಾಗಿ ಇಟ್ಟುಕೊಂಡು, ಐಪಿ ವಿಳಾಸವನ್ನು ಅನುಮಾನ ಹುಟ್ಟಿಸುವುದಕ್ಕಷ್ಟೇ ಬಳಸಬೇಕು. ಊಹೆಯನ್ನು ಬಳಕೆದಾರರಿಗೆ ತೋರಿಸುವಾಗ ಈಗಿನ ಗಂಟೆಯನ್ನು ಮಾತ್ರ ತೋರಿಸಿದರೆ ಸಾಲದು. ಫೆಬ್ರವರಿಯಲ್ಲಿ ಫೀನಿಕ್ಸ್ ಮತ್ತು ಡೆನ್ವರ್ ಒಂದೇ ಗಂಟೆ ತೋರಿಸುತ್ತವೆ, ಕೈಗಡಿಯಾರ ನೋಡಿಕೊಂಡವರು ಸರಿ ಎಂದೇ ಒತ್ತುತ್ತಾರೆ. ಊರಿನ ಹೆಸರೂ ಪಕ್ಕದಲ್ಲೇ ಕಾಣಬೇಕು, ಬದಲಾಯಿಸುವ ಗುಂಡಿಯೂ ಇರಬೇಕು. ಬರೆದಿಡುವಾಗ "ರಾತ್ರಿ 8 ಗಂಟೆ, America/Phoenix" ಎಂದೇ ಬರೆದಿಟ್ಟುಕೊಂಡು, ಗುರುಗಳ ಬೆಳಗಿನ ಸಮಯವನ್ನು ಪ್ರತಿ ವಾರದ ಪಾಠಕ್ಕೂ ಹೊಸದಾಗಿ ಲೆಕ್ಕಹಾಕಬೇಕು.